ಒಂದು ಬ್ಲೌಸ್ ಎಂದರೆ ಎಷ್ಟು?

‘ಮನೆಯಲ್ಲೇ ಕೂತು, ಬಿಡುವಿನ ವೇಳೆಯಲ್ಲಿ ಸಂಪಾದಿಸಿ’ ಎಂಬ ಮಾತನ್ನು ಮೊದಲು ಬರೆದವರು ಯಾರೋ ಗೊತ್ತಿಲ್ಲ. ಅವರು ಆರಿ ಸೂಜಿ ಹಿಡಿದವರಲ್ಲ ಎಂಬುದಂತೂ ಖಚಿತ. ನನ್ನ ಚಿಕ್ಕಮ್ಮನ ಮನೆ ಹೆಬ್ಬೆಯ ಕಡೆ. ಅಲ್ಲಿಗೆ ಬರುವ ಹೊರಗಿನವರೆಲ್ಲ ಕೆಮ್ಮಣ್ಣುಗುಂಡಿಯಿಂದ ಜೀಪಿನಲ್ಲಿ ಕಾಫಿ ತೋಟದ ನಡುವೆ ಕುಲುಕಾಡುತ್ತಾ ಜಲಪಾತ ನೋಡಲು ಬರುವವರು. ಚಿಕ್ಕಮ್ಮ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ, ಚೀಲದಲ್ಲಿ ಮಡಿಸಿದ ಬ್ಲೌಸ್ ಬಟ್ಟೆ ಇಟ್ಟುಕೊಂಡು ಪೇಟೆಯ ಬೊಟಿಕ್‌ಗೆ ಹೋಗುತ್ತಾರೆ. ಹೋಗಿ ಬರಲು ಮೂರು ಗಂಟೆ ಬೇಕು. ಖಾಸಗಿ ಬಸ್ಸಾದ್ದರಿಂದ ‘ಶಕ್ತಿ’ ಯೋಜನೆಯ ಉಚಿತ ಟಿಕೆಟ್ಟೂ ಇಲ್ಲ. ಆ ಮೂರು ಗಂಟೆಯೂ ‘ಬಿಡುವಿನ ವೇಳೆ’ಯ ಖಾತೆಗೇ ಸೇರುತ್ತದೆ.

ನಾನು ಪಿಎಚ್‌ಡಿ ವಿದ್ಯಾರ್ಥಿನಿ. ನನ್ನ ಶಿಷ್ಯವೇತನವನ್ನು ಯಾರೂ ಪುಟಕ್ಕಿಷ್ಟು ಎಂದು ಅಳೆದು ಕೊಡುವುದಿಲ್ಲ. ಅಳೆದಿದ್ದರೆ ಕಳೆದ ವರ್ಷ ನಾನು ಉಪವಾಸ ಬೀಳಬೇಕಿತ್ತು. ಹಾಗಾಗಿ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಮ್ಮನ ಪಕ್ಕ ಕೂತು ಗಡಿಯಾರ ನೋಡುತ್ತಾ ಲೆಕ್ಕ ಬರೆದದ್ದರಲ್ಲಿ ಸ್ವಲ್ಪ ಪಾಪಪ್ರಜ್ಞೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆ ಲೆಕ್ಕದಿಂದ ನನಗೆ ಹೊಳೆದದ್ದು ಇಷ್ಟು: ಮನೆಗೆಲಸದ ಕಸೂತಿಯಲ್ಲಿ ಹೆಂಗಸರು ಸೋಲುವುದು ರೂಪಾಯಿಯ ಚೌಕಾಶಿಯಲ್ಲಲ್ಲ, ಅಳತೆಯಲ್ಲಿ. ‘ಒಂದು ಬ್ಲೌಸಿಗೆ ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಒಪ್ಪಿದ ಕ್ಷಣದಲ್ಲೇ ಅವರು ಸೋತಿರುತ್ತಾರೆ.

ಆ ದಿನದ ಬ್ಲೌಸನ್ನೇ ತೆಗೆದುಕೊಳ್ಳಿ. ಹಿಂಬದಿಯ ಕೊರಳು 24 ಇಂಚು, ಎರಡು ತೋಳಿನ ಅಂಚು ತಲಾ 12 ಇಂಚು, ಒಟ್ಟು 48 ಇಂಚಿನ ಬಾರ್ಡರ್. ಅದರಲ್ಲಿ ಎರಡು ಸಾಲು ಜರಿಯ ಚೈನ್ ಹೊಲಿಗೆ, ಮಧ್ಯೆ ಒಂದು ಸಾಲು ಶುಗರ್ ಬೀಡ್ಸ್. ತೋಳಿನ ತುಂಬ ನಲವತ್ತು ಬುಟ್ಟಾ. ಬೆನ್ನಿನ ಮೇಲೊಂದು ನವಿಲು. ಬೊಟಿಕ್ ಮೇಡಂ ಫೋನಿನಲ್ಲಿ ಫೋಟೊ ತೋರಿಸಿ, ‘ಸಿಂಪಲ್ ಡಿಸೈನ್ ಅಕ್ಕ, ಒಂಬೈನೂರು ಕೊಡ್ತೀನಿ’ ಅಂದಿದ್ದರು.

ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟುವುದು, ಟ್ರೇಸಿಂಗ್ ಕಾಗದಕ್ಕೆ ಸೂಜಿಯಿಂದ ತೂತು ಹೊಡೆದು, ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲೆಸಿ ಒರೆಸಿ ಚಿತ್ರ ಇಳಿಸುವುದು, ಇವಕ್ಕೇ ಒಂದೂವರೆ ಗಂಟೆ ಹಿಡಿಯಿತು. ಬಟ್ಟೆ ಸಡಿಲವಾದರೆ ಹೊಲಿದ ಮೇಲೆ ಸುಕ್ಕುಗಟ್ಟುತ್ತದೆ, ಆದ್ದರಿಂದ ಇಲ್ಲಿ ಅವಸರ ಮಾಡುವಂತಿಲ್ಲ. ಚೈನ್ ಹೊಲಿಗೆ ಇಂಚಿಗೆ ಒಂದು ನಿಮಿಷದಂತೆ ಸಾಗಿತು. ಮಣಿಯ ಸಾಲು ಇಂಚಿಗೆ ಎರಡು ನಿಮಿಷ: ಸೂಜಿಯ ಮೇಲೆ ಮಣಿಗಳನ್ನು ತುಂಬಿಕೊಂಡು ಒಂದೊಂದನ್ನೇ ಜಾರಿಸಬೇಕು, ಬಟ್ಟೆಯ ಅಡಿಯಲ್ಲಿ ಎಡಗೈ ಹಿಡಿದ ದಾರವನ್ನು ಸೂಜಿಯ ಕೊಕ್ಕೆಯಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಬಾರ್ಡರಿಗೆ ಒಟ್ಟು ಮೂರು ಗಂಟೆ ಹನ್ನೆರಡು ನಿಮಿಷ. ಬುಟ್ಟಾ ಒಂದಕ್ಕೆ ಹತ್ತು ನಿಮಿಷದಂತೆ ಆರು ಗಂಟೆ ನಲವತ್ತು ನಿಮಿಷ. ನವಿಲಿಗೆ ಐದು ಗಂಟೆ. ಹಿಂಬದಿಯ ದಾರ ಗಂಟು ಹಾಕಿ, ಕಲ್ಲು ಅಂಟಿಸಿ ಮುಗಿಸಲು ಒಂದು ಗಂಟೆ. ಬಸ್ಸಿನ ಮೂರು ಗಂಟೆಯೂ ಸೇರಿ ಇಪ್ಪತ್ತು ಗಂಟೆ ಇಪ್ಪತ್ತೆರಡು ನಿಮಿಷ.

ಒಂಬೈನೂರರಲ್ಲಿ ಮಣಿ, ಜರಿ, ರೇಷ್ಮೆ ದಾರಕ್ಕೆ ಚಿಕ್ಕಮ್ಮನದೇ 180 ರೂಪಾಯಿ ಹೋಗಿತ್ತು, ಬಸ್ಸಿಗೆ 60. ಉಳಿದ 660 ರೂಪಾಯಿಯನ್ನು ಭಾಗಿಸಿದರೆ ಗಂಟೆಗೆ ಸುಮಾರು 32 ರೂಪಾಯಿ. ಆ ಬ್ಲೌಸಿಗೆ ಗಿರಾಕಿ ಕೊಟ್ಟದ್ದು 2,800. ಅದರಲ್ಲಿ ಹೊಲಿಗೆ, ಲೈನಿಂಗ್, ಅಂಗಡಿ ಬಾಡಿಗೆ ಎಲ್ಲ ಇದೆ, ಮೇಡಂ ಕೋಟಿ ಸಂಪಾದಿಸುತ್ತಿಲ್ಲ ಎಂಬುದೂ ನನಗೆ ಗೊತ್ತು. ಮದುವೆ ಮನೆಯವರು ಅವರ ಹತ್ತಿರವೂ ಚೌಕಾಶಿ ಮಾಡುತ್ತಾರೆ. ಆದರೆ ಗಿರಾಕಿ ಇಳಿಸಿದ ಇನ್ನೂರು ರೂಪಾಯಿ ಬಾಡಿಗೆಯಿಂದ ಕಡಿಮೆಯಾಗುವುದಿಲ್ಲ, ಹೊಲಿಗೆಯವನ ಕೂಲಿಯಿಂದಲೂ ಇಲ್ಲ. ಅದು ಕೊನೆಗೆ ಇಳಿದು ಬಂದು ನಿಲ್ಲುವುದು ಹೆಬ್ಬೆಯ ಈ ಚೌಕಟ್ಟಿನ ಮೇಲೆ. ಯಾಕೆಂದರೆ ಅಳತೆಯಿಲ್ಲದ್ದು ಇಲ್ಲಿಯ ಕೆಲಸ ಮಾತ್ರ.

ನಮ್ಮ ಸೀಮೆಗೆ ತುಂಡು ಕೂಲಿ ಹೊಸದೇನಲ್ಲ. ಕಾಫಿ ಹಣ್ಣಿನ ಕಾಲದಲ್ಲಿ ಕೊಯ್ಲು ಕಿಲೋ ಲೆಕ್ಕ, ಅಡಿಕೆ ಸುಲಿಯುವುದೂ ಕಿಲೋ ಲೆಕ್ಕ. ಅಲ್ಲಿ ಅನ್ಯಾಯ ಇಲ್ಲ ಅನ್ನುತ್ತಿಲ್ಲ. ತೂಕದಲ್ಲಿ ಹೊಡೆಯುವವರು ಇದ್ದೇ ಇದ್ದಾರೆ. ಆದರೆ ತಕ್ಕಡಿ ಇಬ್ಬರ ಕಣ್ಣ ಮುಂದೆ ಇರುತ್ತದೆ, ಆದ್ದರಿಂದ ಅದರ ಮುಂದೆ ನಿಂತು ಜಗಳವಾಡಬಹುದು. ಕರಾವಳಿಯ ಬೀಡಿ ಕಟ್ಟುವ ಹೆಂಗಸರಿಗೂ ಸಾವಿರ ಬೀಡಿಗೆ ಇಷ್ಟು ಎಂಬ ದರ ಇದೆ. ಅವರು ಕೆಲಸ ಮಾಡುವುದೂ ಮನೆಯ ಜಗಲಿಯಲ್ಲೇ. ಆದರೂ 1966ರ ಬೀಡಿ ಕಾರ್ಮಿಕರ ಕಾಯ್ದೆ ಅವರನ್ನು ಕಾರ್ಮಿಕರೆಂದೇ ಕರೆಯಿತು, ಸಂಘಗಳು ತುಟ್ಟಿಭತ್ಯೆಗಾಗಿ ಬೀದಿಗಿಳಿದವು. ‘ಸಾವಿರ’ ಎಂಬ ಆ ಅಳತೆ ಇಲ್ಲದಿದ್ದರೆ ಯಾವುದರ ಮೇಲೆ ತುಟ್ಟಿಭತ್ಯೆ ಕೇಳುತ್ತಿದ್ದರು? ‘ಒಂದು ಬ್ಲೌಸ್’ ಅಂಥ ಅಳತೆಯಲ್ಲ. ಒಂದು ಬ್ಲೌಸಿನಲ್ಲಿ ಐದು ಗಂಟೆಯ ಕೆಲಸವೂ ಇರಬಹುದು, ಐವತ್ತು ಗಂಟೆಯದೂ ಇರಬಹುದು.

‘ಅವರೇನು ನಮ್ಮ ಕೆಲಸದವರಾ? ಇಷ್ಟವಿದ್ದರೆ ಮಾಡ್ತಾರೆ, ಇಲ್ಲದಿದ್ದರೆ ಬಿಡ್ತಾರೆ’ ಎಂಬ ವಾದವನ್ನು ನಾನು ಬೊಟಿಕ್‌ಗಳಲ್ಲಷ್ಟೇ ಅಲ್ಲ, ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲೂ ಕೇಳಿದ್ದೇನೆ. 1948ರ ಕನಿಷ್ಠ ವೇತನ ಕಾಯ್ದೆ ಬರೆದವರಿಗೆ ನಮ್ಮ ಕ್ಯಾಂಟೀನಿನವರಿಗಿಂತ ಹೆಚ್ಚು ತಿಳಿದಿತ್ತು. ಇನ್ನೊಬ್ಬರ ವ್ಯಾಪಾರಕ್ಕಾಗಿ ಅವರು ಕೊಟ್ಟ ವಸ್ತುವನ್ನು ತನ್ನ ಮನೆಯಲ್ಲಿ ತಯಾರಿಸುವ, ತೊಳೆಯುವ, ಅಲಂಕರಿಸುವ ಹೊರಗೆಲಸಗಾರರನ್ನೂ ಅದು ನೌಕರರ ವ್ಯಾಖ್ಯೆಯೊಳಗೇ ಸೇರಿಸಿತ್ತು. ಅಲಂಕರಿಸುವ ಎಂಬ ಮಾತನ್ನು ಗಮನಿಸಿ. ತುಂಡು ಕೆಲಸ ಮಾಡುವವರಿಗೂ ಸಮಯದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂದೂ ಹೇಳಿತ್ತು. ಇನ್ನು 1973ರಲ್ಲಿ ಸುಪ್ರೀಂ ಕೋರ್ಟ್ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಪೀಸ್ ಲೆಕ್ಕದಲ್ಲಿ ಹೊಲಿಯುವ ದರ್ಜಿಗಳೂ ನೌಕರರೇ ಎಂದಿತು. ಅವರು ಅಂಗಡಿಯಲ್ಲೇ ಕೂತು ಹೊಲಿಯುತ್ತಿದ್ದವರು, ನಿಜ. ಆದರೆ ಕೋರ್ಟ್ ಮಹತ್ವ ಕೊಟ್ಟ ಅಂಶಗಳಲ್ಲಿ ಒಂದು, ಹೊಲಿದದ್ದು ಸರಿಯಿಲ್ಲವೆಂದು ತಿರಸ್ಕರಿಸಿ ಮತ್ತೆ ಹೊಲಿ ಎನ್ನುವ ಮಾಲೀಕನ ಅಧಿಕಾರ.

ಆ ಅಧಿಕಾರ ಎಷ್ಟು ದುಬಾರಿ ಎಂಬುದನ್ನೂ ಹೇಳಬೇಕು. ಚೈನ್ ಹೊಲಿಗೆಯ ಕೊನೆಯ ಗಂಟು ಗಟ್ಟಿಯಿಲ್ಲದಿದ್ದರೆ ಒಂದು ಎಳೆ ಎಳೆದರೆ ಸಾಕು, ಸಾಲಿಗೆ ಸಾಲೇ ಬಿಚ್ಚಿಕೊಂಡು ಮಣಿ ಉದುರುತ್ತದೆ. ಅದು ಕಸೂತಿ ಹಾಕಿದವಳ ತಪ್ಪು, ತಿದ್ದಿಕೊಡಬೇಕಾದ್ದೇ. ಆದರೆ ಅಂಗಡಿಯ ದರ್ಜಿ ಹೊಲಿಗೆಗೆ ಬಿಟ್ಟ ಅಂಚನ್ನು ಮೀರಿ ಕತ್ತರಿಸಿದರೆ ಅಥವಾ ಮಿಷನ್ನಿನ ಸೂಜಿಯನ್ನು ಮಣಿಯ ಮೇಲೇ ಓಡಿಸಿದರೆ? ಆಗಲೂ ಮಣಿ ಒಡೆಯುತ್ತದೆ, ಸಾಲು ಬಿಚ್ಚುತ್ತದೆ. ನೋಡುವವರಿಗೆ ವ್ಯತ್ಯಾಸ ಸುಲಭ: ಗಂಟು ಬಿಟ್ಟಿದ್ದರೆ ಸಾಲು ತುದಿಯಿಂದ ಬಿಚ್ಚಿರುತ್ತದೆ, ಮಣಿಗಳು ಇಡಿಯಾಗಿ ಉದುರಿರುತ್ತವೆ. ಮಿಷನ್ ತಾಗಿದ್ದರೆ ಸಾಲಿನ ನಡುವೆ, ಹೊಲಿಗೆಯ ಗೆರೆಯ ಮೇಲೇ ಚೂರಾದ ಮಣಿ ಸಿಗುತ್ತದೆ. ಚಿಕ್ಕಮ್ಮ ಎರಡನ್ನೂ ಇಷ್ಟು ವರ್ಷ ಬಿಟ್ಟಿಯಾಗಿ ತಿದ್ದಿಕೊಟ್ಟಿದ್ದಾರೆ. ಈಗ ಕೊಡುವ ಮುಂಚೆ ಕೊರಳು, ತೋಳು, ಹಿಂಬದಿಯ ಗಂಟು ಕಾಣುವಂತೆ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.

ದರದ ವಿಷಯದಲ್ಲಿ ದೊಡ್ಡ ಅಡ್ಡಿ ಬೇರೆಯೇ ಇತ್ತು. ‘ನಿಮಗೆ ಎಷ್ಟು ಕೊಡ್ತೀನಿ ಅಂತ ಯಾರಿಗೂ ಹೇಳ್ಬೇಡಿ ಅಕ್ಕ’ ಎಂದು ಮೇಡಂ ವಿಶ್ವಾಸದಿಂದ ಹೇಳಿದ್ದರು. ಚಿಕ್ಕಮ್ಮ ಅದನ್ನು ತಮಗೆ ಸಿಕ್ಕ ವಿಶೇಷ ಮರ್ಯಾದೆ ಎಂದುಕೊಂಡಿದ್ದರು. ಆಚೆ ಮನೆಯವರಿಗೂ ಕೆಳಗಿನ ದಾರಿಯಲ್ಲಿರುವ ಇನ್ನೊಬ್ಬರಿಗೂ ಇದೇ ಮರ್ಯಾದೆ ಸಿಕ್ಕಿತ್ತು ಎಂದು ಗೊತ್ತಾದದ್ದು ಒಂದು ಸಂಜೆ, ಮೂವರೂ ಒಂದೇ ಜಗಲಿಯಲ್ಲಿ ಕೂತು ಬಾಯಿಬಿಟ್ಟಾಗ. ಇದೇ ತರಹದ ನವಿಲಿನ ಬ್ಲೌಸಿಗೆ ಒಬ್ಬರಿಗೆ 900, ಒಬ್ಬರಿಗೆ 750, ಒಬ್ಬರಿಗೆ 1,000. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು ಅಂದರು ಚಿಕ್ಕಮ್ಮ.

ಮೂವರೂ ಸೇರಿ ಮಾಡಿದ್ದು ಒಂದು ಮಾದರಿ ಬಟ್ಟೆ. ಒಂದು ಗಜದ ಹಳೆ ಬ್ಲೌಸ್ ಪೀಸಿನ ಮೇಲೆ ನಾಲ್ಕು ನಾಲ್ಕು ಇಂಚಿನ ಸಾಲುಗಳು: ಜರಿ ಚೈನ್, ಶುಗರ್ ಬೀಡ್ಸ್, ಕಟ್ ಬೀಡ್ಸ್, ಚಮಕಿ. ಕೆಳಗೆ ಸಣ್ಣದು ದೊಡ್ಡದು ಎರಡು ಬುಟ್ಟಾ. ಪ್ರತಿಯೊಂದನ್ನೂ ಮೂವರೂ ಒಂದೊಂದು ಸಲ ಹೊಲಿದು, ಹಿಡಿದ ಸಮಯವನ್ನು ಬರೆದು, ಮಧ್ಯದವರ ಸಮಯಕ್ಕೆ ದರ ಕಟ್ಟಿದರು. ಅತಿ ವೇಗದವರ ಸಮಯ ಹಿಡಿದರೆ ಉಳಿದಿಬ್ಬರಿಗೆ ನಷ್ಟ, ನಿಧಾನದವರದು ಹಿಡಿದರೆ ಮೇಡಂ ಒಪ್ಪುವುದಿಲ್ಲ. ಮಣಿಯನ್ನೂ ಅದೇ ಬಟ್ಟೆಗೆ ಹೊಲಿದಿಟ್ಟದ್ದಕ್ಕೆ ಕಾರಣವಿದೆ: ಇಂಚಿನ ದರವೂ ಮೋಸಹೋಗುತ್ತದೆ. ಮಣಿ ಸಣ್ಣದಾದಷ್ಟೂ ಒಂದು ಇಂಚಿಗೆ ಹೆಚ್ಚು ಮಣಿ, ಹೆಚ್ಚು ಹೊತ್ತು. ಮಣಿಯ ಗಾತ್ರ ಗೊತ್ತುಮಾಡದೆ ಇಂಚಿಗೆ ಒಪ್ಪಿದರೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಹಾಗೆ.

ಅವರು ಕೇಳಿದ್ದು ಚೈನಿಗೆ ಇಂಚಿಗೆ 3 ರೂಪಾಯಿ, ಮಣಿಗೆ 6, ಬುಟ್ಟಾಕ್ಕೆ 15. ಮೇಡಂ ಮೊದಲು ನಕ್ಕರು, ಆಮೇಲೆ ಎರಡು ವಾರ ಕೆಲಸ ಕೊಡಲಿಲ್ಲ. ಅಷ್ಟರಲ್ಲಿ ಒಂದು ಮದುವೆಯ ಆರ್ಡರ್ ಬಂತು. ಕೊನೆಗೆ ಗಟ್ಟಿಯಾದದ್ದು ಚೈನಿಗೆ 2, ಮಣಿಗೆ 4, ಬುಟ್ಟಾಕ್ಕೆ 12, ಅಷ್ಟು ದೊಡ್ಡ ನವಿಲಿಗೆ 250, ಚೌಕಟ್ಟು ಮತ್ತು ಟ್ರೇಸಿಂಗಿಗೆ 50, ಸಾಮಾನು ಅಂಗಡಿಯದೇ. ಹಳೆಯ ಬ್ಲೌಸನ್ನೇ ಈ ದರದಲ್ಲಿ ಲೆಕ್ಕ ಹಾಕಿದರೆ 1,164 ಆಗುತ್ತದೆ. ಬಸ್ ಖರ್ಚು ಕಳೆದು ಗಂಟೆಗೆ ಸುಮಾರು 54 ರೂಪಾಯಿ. ಇದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಸರಳ ಬಾರ್ಡರಿನ ಕೆಲವು ಬ್ಲೌಸುಗಳು ಈಗ ಕಂಪ್ಯೂಟರ್ ಎಂಬ್ರಾಯ್ಡರಿಗೆ ಹೋಗುತ್ತಿವೆ, ಅದೂ ನಿಜ. ಆದರೆ ಮೇಡಂ ಈಗ ಫೋಟೊ ಕಳಿಸುವಾಗ ‘ಸಿಂಪಲ್’ ಅನ್ನುವುದಿಲ್ಲ. ಬುಟ್ಟಾ ಎಷ್ಟು ಅಂತ ತಾವೇ ಎಣಿಸಿ ಬರೆಯುತ್ತಾರೆ, ಗಿರಾಕಿ ಚೌಕಾಶಿ ಮಾಡಿದರೆ ಹತ್ತು ಬುಟ್ಟಾ ಕಡಿಮೆ ಮಾಡುತ್ತಾರೆ.

ಈ ಕಾಲದಲ್ಲಿ ಕಸೂತಿಯ ಬಗ್ಗೆ ಬರೆಯುವುದೆಂದರೆ ನಮಗೆ, ಸಾಹಿತ್ಯದವರಿಗೆ, ಪರಂಪರೆಯ ಬಗ್ಗೆ ಬರೆಯುವುದು. ಧಾರವಾಡದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಒಳ್ಳೆಯದೇ. ಆದರೆ ಆ ಪಟ್ಟ ಕಾಯುವುದು ಹೆಸರನ್ನು, ಹೊಲಿದವಳ ಗಂಟೆಯನ್ನಲ್ಲ. ಚಿಕ್ಕಮ್ಮನ ನವಿಲಿಗೆ ಊರಿನ ಪರಂಪರೆಯ ಹಂಗೂ ಇಲ್ಲ, ಅವರು ಅದನ್ನು ಕಲಿತದ್ದು ಯೂಟ್ಯೂಬಿನಲ್ಲಿ. ಪರಂಪರೆ ಇಲ್ಲದ ಕೈಗೆ ನಾವು ಕವಿತೆ ಬರೆಯುವುದಿಲ್ಲ, ಅದರ ಕೂಲಿಯನ್ನೂ ಕೇಳುವುದಿಲ್ಲ.

ದರ್ಜಿ ಹಾಳು ಮಾಡಿದ್ದನ್ನು ತಿದ್ದುವುದಕ್ಕೆ ಕೂಲಿ ಇನ್ನೂ ಗಟ್ಟಿಯಾಗಿಲ್ಲ. ಆಷಾಢದಲ್ಲಿ ಕೇಳಿದರೆ ‘ಸರಿ ಬಿಡಿ ಅಕ್ಕ, ಕೆಲಸವೇ ಇಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಹಾಗಾಗಿ ಮೂವರೂ ಮಾಘ ಮಾಸಕ್ಕೆ ಕಾಯುತ್ತಿದ್ದಾರೆ, ಬೊಟಿಕ್‌ನ ಕಪಾಟಿನಲ್ಲಿ ಮದುವೆಯ ಬಟ್ಟೆಗಳ ರಾಶಿ ಬಿದ್ದಿರುವ ಹೊತ್ತಿಗೆ.