ಇಪ್ಪತ್ತಾರು ರೆಸ್ಯೂಮ್, ಸೊನ್ನೆ ಫೋನ್

"ಎಲ್ಲಾ ಸ್ಟಾಲಿಗೂ ರೆಸ್ಯೂಮ್ ಹಾಕು ತಮ್ಮಾ, ಎಲ್ಲರ ಒಂದ್ಕಡಿ ಹತ್ತತದ." ಉದ್ಯೋಗ ಮೇಳ ಬಂತಂದ್ರೆ ನಮ್ಮ ಚಿಮ್ಮನಚೋಡದ ಹುಡುಗರಿಗೆ ಸಿಗೋದು ಈ ಒಂದೇ ಉಪದೇಶ. ಬಿಇ ಮುಗಿಸಿದಾಗ ನಾನೂ ಕೇಳಿದೆ. ನಸುಕಿನ ಬಸ್ ಹಿಡಿದು ಕಲಬುರಗಿಗೆ ಹೋಗಿ ಇಪ್ಪತ್ತಾರು ಕಡೆ ರೆಸ್ಯೂಮ್ ಹಾಕಿ ಬಂದೆ. ಒಬ್ಬರೂ ಫೋನ್ ಮಾಡಲಿಲ್ಲ. ನಾನು ಕೊಟ್ಟಿದ್ದು ಕಾಗದ, ಎಲ್ಲಿಯೂ ಕೂತು ಮಾತಾಡಿರಲಿಲ್ಲ.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮೇಳ. ಸರತಿ, ಸಂದರ್ಶನ ಸೇರಿ ಒಂದು ಸ್ಟಾಲಿಗೆ ಒಂದು ತಾಸು ಹೋದರೂ ಸಿಗೋದು ಆರೇ. ಆ ಆರು ಯಾವುವು ಅನ್ನೋದು ಹಿಂದಿನ ರಾತ್ರಿ ಮನೆಯಲ್ಲೇ ತೀರ್ಮಾನ ಆಗಬೇಕು. ಕಂಪನಿಗಳ ಪಟ್ಟಿ ಮೊದಲೇ ಸಿಕ್ಕರೆ ನಿಮ್ಮ ಓದಿಗೆ ಹೊಂದದ ಹುದ್ದೆಗಳನ್ನು ಮೊದಲು ಹೊಡೆದು ಹಾಕಿ. ಉಳಿದವಕ್ಕೆ ಎರಡೇ ಪ್ರಶ್ನೆ.

ಮೊದಲನೆಯದು, ನೇಮಕಾತಿ ಪತ್ರ ಯಾರ ಹೆಸರಲ್ಲಿ ಬರುತ್ತದೆ? ಬ್ಯಾನರ್ ಮೇಲೆ ದೊಡ್ಡ ಕಂಪನಿಯ ಹೆಸರಿರುತ್ತದೆ, ಕುರ್ಚಿ ಮೇಲೆ ಕೂತವರು ಮಾನವ ಸಂಪನ್ಮೂಲ ಏಜೆನ್ಸಿಯವರು. ಏಜೆನ್ಸಿ ಕೆಲಸ ಕೆಟ್ಟದ್ದಂತಲ್ಲ, ಆದರೆ ಪಿಎಫ್ ಕಟ್ಟೋರು, ಒಪ್ಪಂದ ಮುಗಿದಾಗ ಮನೆಗೆ ಕಳಿಸೋರು ಅವರೇ. ಎಷ್ಟು ತಿಂಗಳ ಒಪ್ಪಂದ ಅಂತ ಕೇಳಿ. ತರಬೇತಿ ಶುಲ್ಕ, ಠೇವಣಿ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು, ಕೈಗೆ ಎಷ್ಟು? "2.4 ಲಕ್ಷ ಪ್ಯಾಕೇಜ್" ಅಂದ್ರೆ ತಿಂಗಳಿಗೆ 20,000 ಅಂತ ಊರಲ್ಲಿ ಸಿಹಿ ಹಂಚುತ್ತಾರೆ. ಲೆಕ್ಕ ನೋಡ್ರಿ. ಮೂಲ ವೇತನ 12,000 ಇಟ್ಟರೆ, ಕಂಪನಿಯ ಪಾಲಿನ ಪಿಎಫ್ 1,440, ಗ್ರಾಚ್ಯುಟಿ ಸುಮಾರು 577, ಇಎಸ್ಐ ಸುಮಾರು 566. ಇವು ಮೂರೂ ಆ 20,000ದ ಒಳಗೇ ಇರುತ್ತವೆ. ಉಳಿದ 17,417ರಲ್ಲಿ ನಿಮ್ಮ ಪಾಲಿನ ಪಿಎಫ್ 1,440, ಇಎಸ್ಐ 131 ಹೋಗಿ ಕೈಗೆ ಬರೋದು ಸುಮಾರು 15,850. ಪಿಎಫ್ ನಿಮ್ಮದೇ ದುಡ್ಡು, ನಿಜ, ಆದರೆ ಈ ತಿಂಗಳ ಬಾಡಿಗೆಗೆ ಅದು ಬರಲ್ಲ. ಕೆಲಸ ಬೆಂಗಳೂರಲ್ಲಾದರೆ ಪಿಜಿ, ಊಟ, ಬಸ್ಸಿನ ಖರ್ಚು ಕಳೆದು ಮನೆಗೆ ಏನು ಕಳಿಸ್ತೀರಿ? ಅದೇ ಸಂಬಳ ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಸಿಕ್ಕರೆ ಲೆಕ್ಕವೇ ಬೇರೆ. ಪಟ್ಟಿ ಮಾಡುವಾಗ ಸಂಬಳದ ಪಕ್ಕ ಊರಿನ ಹೆಸರನ್ನೂ ಬರೆದುಕೊಳ್ಳಿ.

ಮೇಳ ನಡೆಸೋರಿಗೆ ನನ್ನ ತಕರಾರು ಇಷ್ಟೇ. ಎಷ್ಟು ಕಂಪನಿ ಬಂದವು ಅಂತ ವೇದಿಕೆ ಮೇಲೆ ಎಣಿಸೋದು ಬಿಡ್ರಿ. ಪ್ರತಿ ಸ್ಟಾಲಿನ ಮುಂದೆ ನೇಮಕ ಯಾರದು, ಕೆಲಸ ಎಲ್ಲಿ, ಕೈಗೆ ಎಷ್ಟು ಅಂತ ಮೂರು ಸಾಲು ಬರೆಸ್ರಿ. ತೊಗರಿ ರಾಶಿಯ ಕೂಲಿ ಬಿಟ್ಟು ಬಂದ ಹುಡುಗನಿಗೆ ಒಂದು ದಿನ ಅಂದ್ರೆ ಒಂದು ದಿನದ ಪಗಾರ. ಬರೆಸದ ಸ್ಟಾಲನ್ನು, ತಮ್ಮಾ, ನೀನೇ ಪಟ್ಟಿಯಿಂದ ಹೊಡೆದು ಹಾಕು.