ಗ್ರಾಹಕರ ಪ್ರಶ್ನೆಗೆ ಉತ್ತರ ಸೀರೆಯ ವಿವರಣೆಯಲ್ಲೇ ಇರಲಿ

ಕೋಗಿಲು ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಮನೆಯಿಂದಲೇ ಸೀರೆ ಮಾರುವವರಿಗೆ ಯಲಹಂಕ, ದೊಡ್ಡಬಳ್ಳಾಪುರಗಳ ವಿದ್ಯುತ್ ಮಗ್ಗಗಳು ಹತ್ತಿರದಲ್ಲೇ ಇವೆ. ಫ್ಲಿಪ್‌ಕಾರ್ಟ್, ಮೀಶೋ, ಅಮೆಜಾನ್‌ಗಳಂಥ ತಾಣಗಳ ಮೂಲಕ ಆ ಮಗ್ಗದ ಸರಕನ್ನು ದೂರದ ಊರುಗಳಿಗೂ ಕಳುಹಿಸುವ ಅನುಕೂಲವಿದೆ. ಹೀಗೆ ಮಾರುವಾಗ ಲಿಸ್ಟಿಂಗ್, ಎಂದರೆ ಒಂದು ಸರಕಿನ ಶೀರ್ಷಿಕೆ, ಚಿತ್ರ, ಬೆಲೆ ಮತ್ತು ವಿವರಣೆ ಸೇರಿದ ಪುಟ, ಅಂಗಡಿಯವರು ಬಾಯಲ್ಲಿ ಹೇಳುವುದನ್ನೆಲ್ಲ ತಾನೇ ಹೇಳಬೇಕಾಗುತ್ತದೆ. ಆದರೆ ಬಹಳಷ್ಟು ಪುಟಗಳಲ್ಲಿ ಮೊದಲ ದಿನ ಬರೆದ ವಿವರಣೆ ಹಾಗೆಯೇ ಉಳಿದು, ಅದರ ಕೆಳಗೆ ಅದೇ ಪ್ರಶ್ನೆ, ಅದೇ ದೂರು ಮತ್ತೆ ಮತ್ತೆ ಸೇರುತ್ತಾ ಹೋಗುತ್ತದೆ. ಮಾರಾಟಗಾರರು ಪ್ರತಿ ಪ್ರಶ್ನೆಗೂ ತಾಳ್ಮೆಯಿಂದ ಉತ್ತರಿಸುತ್ತಾರೆಯೇ ಹೊರತು ಆ ಉತ್ತರವನ್ನು ವಿವರಣೆಗೆ ಸೇರಿಸುವುದಿಲ್ಲ. ಆ ಒಂದು ಕೆಲಸವನ್ನು ಮಾಡಬೇಕೆಂಬುದೇ ಇಲ್ಲಿನ ಕಳಕಳಿಯ ವಿನಂತಿ.

ಉದಾಹರಣೆಗೆ, ‘ಹಸಿರು ಸಾಫ್ಟ್ ಸಿಲ್ಕ್ ಸೀರೆ, ಬ್ಲೌಸ್ ಸಹಿತ’ ಎಂಬ ಶೀರ್ಷಿಕೆಯ ಒಂದು ಪುಟವನ್ನು ಕಲ್ಪಿಸಿಕೊಳ್ಳಬಹುದು. ‘ಇದು ಅಪ್ಪಟ ರೇಷ್ಮೆಯೇ?’, ‘ಬ್ಲೌಸ್ ಬಟ್ಟೆ ಬೇರೆ ಇದೆಯೋ, ಸೀರೆಯಲ್ಲೇ ಸೇರಿದೆಯೋ?’ ಎಂದು ಕೊಳ್ಳುವ ಮುನ್ನವೇ ಹಲವರು ಕೇಳಿದ್ದಾರೆ; ಕೊಂಡವರಲ್ಲಿ ಕೆಲವರು ‘ಚಿತ್ರದಲ್ಲಿ ಹಸಿರು, ಬಂದದ್ದು ಗುಲಾಬಿ’ ಎಂದೂ, ಒಬ್ಬರು ‘ಸೀರೆ ಗಿಡ್ಡ’ ಎಂದೂ, ಇನ್ನೊಬ್ಬರು ‘ಮಡಿಕೆಯಲ್ಲಿ ಎಣ್ಣೆ ಕಲೆ’ ಎಂದೂ ಬರೆದಿದ್ದಾರೆ. ಈ ಮಾತುಗಳನ್ನು, ಸೀರೆ ಹಿಂದಿರುಗಿಸಿದವರು ಕೊಟ್ಟ ಕಾರಣಗಳೊಂದಿಗೆ, ಅವರದೇ ಪದಗಳಲ್ಲಿ ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಅನಂತರ ಪ್ರತಿಯೊಂದು ಮಾತನ್ನೂ ಮೂರರಲ್ಲಿ ಒಂದು ಗುಂಪಿಗೆ ಸೇರಿಸಬೇಕು: ವಿವರಣೆಯಲ್ಲಿ ಇಲ್ಲದೇ ಇರುವುದು, ವಿವರಣೆಯಲ್ಲಿದ್ದೂ ದಾರಿ ತಪ್ಪಿಸುವುದು, ಮತ್ತು ವಿವರಣೆಗೆ ಸಂಬಂಧವೇ ಇಲ್ಲದ ಸರಕಿನ ದೋಷ. ಎಣ್ಣೆ ಕಲೆ ಮೂರನೆಯದು. ಅದಕ್ಕೆ ಪರಿಹಾರ ಪ್ಯಾಕ್ ಮಾಡುವ ಮುನ್ನ ಸೀರೆಯನ್ನು ಪೂರ್ತಿ ಬಿಡಿಸಿ ನೋಡುವುದೇ ಹೊರತು, ‘ಸಣ್ಣಪುಟ್ಟ ಕಲೆ ಸಹಜ’ ಎಂದು ವಿವರಣೆಯಲ್ಲಿ ಬರೆದು ಕೈತೊಳೆದುಕೊಳ್ಳುವುದಲ್ಲ.

ಇವುಗಳಲ್ಲಿ ಬಣ್ಣದ ದೂರನ್ನು ಬಹುಪಾಲು ಮಾರಾಟಗಾರರು ಚಿತ್ರದ ತಪ್ಪೆಂದೋ ಮೊಬೈಲ್ ಪರದೆಯ ವ್ಯತ್ಯಾಸವೆಂದೋ ತಳ್ಳಿಹಾಕುವುದರಿಂದ ಅದನ್ನು ತುಸು ನಿಧಾನವಾಗಿ ನೋಡುವುದು ಅಗತ್ಯ. ಸೀರೆಯ ಉದ್ದಕ್ಕೆ ಹರಿಯುವ ಎಳೆ ಹಾಸು, ಅಡ್ಡಕ್ಕೆ ಸೇರುವ ಎಳೆ ಹೊಕ್ಕು. ಹಾಸು ಹಸಿರಾಗಿದ್ದು ಹೊಕ್ಕು ಗುಲಾಬಿಯಾಗಿದ್ದರೆ ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಒಂದೇ ಬಟ್ಟೆ ಒಮ್ಮೆ ಹಸಿರಾಗಿಯೂ ಒಮ್ಮೆ ಗುಲಾಬಿಯಾಗಿಯೂ ಹೊಳೆಯುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಡಬಲ್ ಶೇಡ್ ಎನ್ನುತ್ತಾರೆ. ತುದಿಯಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಬಿಡಿಸಿ ಬಿಳಿ ಕಾಗದದ ಮೇಲೆ ಇಟ್ಟರೆ ಕಾರಣ ಕಣ್ಣಿಗೇ ಕಾಣುತ್ತದೆ. ಆಗ ದೂರು ಕೊಟ್ಟವರೂ ಚಿತ್ರ ತೆಗೆದವರೂ ಇಬ್ಬರೂ ಸರಿ, ‘ಹಸಿರು’ ಎಂದಷ್ಟೇ ಬರೆದ ಶೀರ್ಷಿಕೆ ಮಾತ್ರ ತಪ್ಪು ಎಂಬುದು ತಿಳಿಯುತ್ತದೆ.

ರೇಷ್ಮೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಸಾಫ್ಟ್ ಸಿಲ್ಕ್, ಆರ್ಟ್ ಸಿಲ್ಕ್ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಎಷ್ಟೋ ಸೀರೆಗಳ ನೂಲು ಪಾಲಿಯೆಸ್ಟರ್ ಅಥವಾ ವಿಸ್ಕೋಸ್ ಆಗಿರುತ್ತದೆ. ಮಗ್ಗದವರನ್ನು ಕೇಳಿ, ಬಿಲ್ಲಿನಲ್ಲಿ ಏನು ಬರೆದಿದೆ ಎಂದು ನೋಡಿ, ಅನುಮಾನವಿದ್ದರೆ ಒಂದೊಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು: ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುವ ಕರಿ ಬೂದಿ ಉಳಿಸುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ವಿಸ್ಕೋಸ್ ಕಾಗದದ ವಾಸನೆಯೊಂದಿಗೆ ಉರಿದುಹೋಗುತ್ತದೆ. ಹಾಸು ಒಂದು ನೂಲಿನದು, ಹೊಕ್ಕು ಇನ್ನೊಂದರದು ಆಗಿರಬಹುದಾದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಫಲಿತಾಂಶವನ್ನು ವಿವರಣೆಯಲ್ಲಿ ಬರೆದರಷ್ಟೇ ಸಾಲದು. ಪುಟ ತೆರೆಯುವಾಗ ತುಂಬಿದ ‘ಬಟ್ಟೆಯ ಬಗೆ’ ಎಂಬ ಖಾನೆಯಲ್ಲಿ ರೇಷ್ಮೆ ಎಂದೇ ಉಳಿದಿದ್ದರೆ, ರೇಷ್ಮೆ ಸೀರೆಗಳನ್ನಷ್ಟೇ ಸೋಸಿ ಹುಡುಕುವವರಿಗೂ ಈ ಪುಟ ಕಾಣಿಸಿಕೊಂಡು ಅದೇ ಪ್ರಶ್ನೆ ಮತ್ತೆ ಬರುತ್ತದೆ.

ಇಷ್ಟು ಖಚಿತವಾದ ಮೇಲೆ ‘ಗಿಡ್ಡ’ ಎಂಬ ದೂರಿಗಾಗಿ ಟೇಪು ಹಿಡಿದು ಅಳೆದು, ಹಳೆಯ ವಿವರಣೆಯ ಮೊದಲ ಸಾಲುಗಳನ್ನು ಹೀಗೆ ಬದಲಾಯಿಸಬಹುದು: ‘ಪಾಲಿಯೆಸ್ಟರ್ ನೂಲಿನ ಸೀರೆ, ಅಪ್ಪಟ ರೇಷ್ಮೆಯಲ್ಲ, ವಿದ್ಯುತ್ ಮಗ್ಗದ ನೇಯ್ಗೆ. ಹಾಸು ಹಸಿರು, ಹೊಕ್ಕು ಗುಲಾಬಿ. ಬೆಳಕಿಗೆ ತಕ್ಕಂತೆ ಎರಡೂ ಬಣ್ಣ ಕಾಣುತ್ತವೆ. ಸೀರೆ 5.5 ಮೀಟರ್, ಅದರ ತುದಿಯಲ್ಲೇ 0.8 ಮೀಟರ್ ಬ್ಲೌಸ್ ಬಟ್ಟೆ ಸೇರಿದೆ, ಕತ್ತರಿಸಿಕೊಳ್ಳಬೇಕು.’ ಶೀರ್ಷಿಕೆಯಲ್ಲಿಯೂ ‘ಹಸಿರು-ಗುಲಾಬಿ ಡಬಲ್ ಶೇಡ್’ ಎಂದಿರಬೇಕು, ಏಕೆಂದರೆ ಮೊಬೈಲಿನಲ್ಲಿ ನೋಡುವವರಲ್ಲಿ ಅನೇಕರು ಚಿತ್ರ ಮತ್ತು ಮೊದಲ ಸಾಲುಗಳನ್ನು ದಾಟಿ ಕೆಳಗಿಳಿಯುವುದಿಲ್ಲ. ‘ರೇಷ್ಮೆಯಲ್ಲ’ ಎಂದು ಬರೆದರೆ ಮಾರಾಟ ಕುಸಿಯುವುದೆಂಬ ಭಯ ಸಹಜ, ಕೆಲವರು ಕೊಳ್ಳದೇ ಹೋಗುವುದೂ ನಿಜ; ಆದರೆ ಅವರಲ್ಲಿ ಹಲವರು ಕೊಂಡ ಮೇಲೆ ಹಿಂದಿರುಗಿಸಿ ಒಂದು ನಕ್ಷತ್ರ ಕೊಡುತ್ತಿದ್ದವರೇ.

ಬದಲಾವಣೆ ಫಲಿಸಿತೇ ಎಂಬುದನ್ನು ಮಾರಾಟದ ಸಂಖ್ಯೆಯಿಂದ ಅಳೆಯಬಾರದು. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರಗಳಲ್ಲಿ ವಿವರಣೆ ಹೇಗಿದ್ದರೂ ಸೀರೆ ಹೆಚ್ಚು ಹೋಗುತ್ತದೆ. ವಿವರಣೆ ಬದಲಿಸಿದ ದಿನಾಂಕವನ್ನು ಬರೆದಿಟ್ಟುಕೊಂಡು, ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಕಾದು, ಪ್ರತಿ 100 ಆರ್ಡರಿಗೆ ‘ಬಣ್ಣ ಬೇರೆ’, ‘ಬಟ್ಟೆ ಬೇರೆ’ ಎಂಬ ಕಾರಣಗಳು ಎಷ್ಟು ಬಂದವೆಂದು ಹಿಂದಿನದರೊಂದಿಗೆ ಹೋಲಿಸಬೇಕು. ಆರ್ಡರುಗಳು ಬೆರಳೆಣಿಕೆಯಷ್ಟೇ ಆಗಿದ್ದರೆ ಆ ಹೋಲಿಕೆಯೂ ನಂಬಲರ್ಹವಲ್ಲ. ಆಗ ಅದೇ ಪ್ರಶ್ನೆ ಕೇಳುವುದು ನಿಂತಿತೇ ಎಂಬುದೊಂದೇ ಸದ್ಯದ ಗುರುತು.

ವಿವರಣೆಯನ್ನು ತಿದ್ದುವ ಅಧಿಕಾರಕ್ಕೊಂದು ಮಿತಿಯೂ ಇದೆ. ಹಳೆಯ ಸೀರೆಯ ದಾಸ್ತಾನು ಮುಗಿದ ಮೇಲೆ ಬೇರೆ ನೂಲಿನ, ಬೇರೆ ನೇಯ್ಗೆಯ ಸೀರೆಯನ್ನು ಅದೇ ಪುಟದಲ್ಲಿ ಇಟ್ಟು ವಿವರಣೆಯನ್ನಷ್ಟೇ ಬದಲಾಯಿಸಿದರೆ, ಹಳೆಯ ಸೀರೆಗೆ ಬಂದ ಒಳ್ಳೆಯ ರಿವ್ಯೂಗಳು ಹೊಸದಕ್ಕೆ ಸುಳ್ಳು ಸಾಕ್ಷಿಯಾಗುತ್ತವೆ. ಬೇರೆಬೇರೆ ಉತ್ಪನ್ನಗಳನ್ನು ಹೀಗೆ ಒಂದುಗೂಡಿಸಿ ರಿವ್ಯೂಗಳನ್ನು ದಾಟಿಸಿದ್ದಕ್ಕಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಬೌಂಟಿಫುಲ್ ಎಂಬ ವಿಟಮಿನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಕಂಪನಿ 6 ಲಕ್ಷ ಡಾಲರ್ ತೆರಬೇಕಾಯಿತು. ಭಾರತದ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಮಾರಾಟಗಾರರು ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯುವಂತಿಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣ ಸರಕಿನಲ್ಲಿ ಇಲ್ಲದಿದ್ದರೆ ಹಿಂದಕ್ಕೆ ಪಡೆಯಲು ನಿರಾಕರಿಸುವಂತೆಯೂ ಇಲ್ಲ. ಆದ್ದರಿಂದ ಸೀರೆ ಬದಲಾದಾಗ ಹೊಸ ಪುಟವನ್ನೇ ತೆರೆದು, ಹಳೆಯ ಪುಟದ ಪ್ರಶ್ನೆಗಳಿಂದ ಕಲಿತ ಅಳತೆ, ನೂಲು, ಬಣ್ಣದ ವಿವರಗಳನ್ನು ಅಲ್ಲಿ ಮೊದಲ ದಿನವೇ ಬರೆಯಬೇಕು.

ಕೊಳ್ಳುವವರಲ್ಲಿಯೂ ಒಂದು ಕೋರಿಕೆಯಿದೆ. ‘ಚೆನ್ನಾಗಿಲ್ಲ’ ಎಂಬ ರಿವ್ಯೂವಿನಿಂದ ಯಾವ ಸಾಲನ್ನು ತಿದ್ದಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ. ಪುಟದಲ್ಲಿ ಏನೆಂದು ಓದಿದ್ದರು, ಕೈಗೆ ಬಂದದ್ದು ಏನು ಎಂಬ ಎರಡನ್ನೂ ಬರೆದು, ಹಗಲು ಬೆಳಕಿನಲ್ಲಿ ತೆಗೆದ ಒಂದು ಚಿತ್ರವನ್ನು ಸೇರಿಸಿದರೆ, ಮಾರಾಟಗಾರರಿಗೆ ತಿದ್ದಬೇಕಾದ ಜಾಗ ಅದರಲ್ಲೇ ಸಿಗುತ್ತದೆ.