ಕೋಲ್ಡ್ ರೂಮಿಗೆ ದೊಡ್ಡ ಮೆಷಿನ್ ಬೇಕೇ? ಮೊದಲು ಒಂದು ಬಕೆಟ್ ಇಟ್ಟು ನೋಡಿ



ತರಕಾರಿಯ ಕೋಲ್ಡ್ ರೂಮ್ ತಣ್ಣಗಾಗುತ್ತಿಲ್ಲ ಎಂದು ದೂರು ಕೊಟ್ಟರೆ ಮೆಕ್ಯಾನಿಕ್ ಬಂದು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಮೆಷಿನ್ ಸಣ್ಣದಾಯಿತು, ದೊಡ್ಡದು ಹಾಕಿ. ಎರಡು ವರ್ಷದ ಹಿಂದೆ ಮುಂಬಯಿಯ ನಮ್ಮ ಹೋಟೆಲಿನಲ್ಲೂ ಇದೇ ಆಯಿತು. ಮಧ್ಯಾಹ್ನ ಊಟದ ಹೊತ್ತಿಗೆ 5 ಡಿಗ್ರಿ ಇರಬೇಕಾದ ಕೋಣೆ 13ಕ್ಕೆ ಏರುತ್ತಿತ್ತು. ಕೊತ್ತಂಬರಿ ಎರಡನೇ ದಿನಕ್ಕೇ ಹಳದಿಯಾಗುತ್ತಿತ್ತು. 1 ಟನ್ನಿನ ಮೆಷಿನ್ ತೆಗೆದು 2 ಟನ್ನಿನದು ಹಾಕಿ ಎಂಬ ಸಲಹೆ ಬಂತು. ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎನ್ನುವುದನ್ನು ಲೆಕ್ಕ ಸಮೇತ ಹೇಳುತ್ತೇನೆ. ಸಣ್ಣ ಹೋಟೆಲಿನ ಲೆಕ್ಕವೇ ಆದರೂ ಹೆಚ್ಚಿನವರಿಗೆ ಹೊಂದುತ್ತದೆ.

ನಮ್ಮ ಕೋಣೆ 10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರ. ಗೋಡೆ 60 ಮಿಲಿಮೀಟರಿನ ಪಫ್ ಪ್ಯಾನೆಲ್. ಒಳಗೆ ಬರುವ ಉಷ್ಣವನ್ನೂ ಕರೆಂಟಿನ ಹಾಗೆ ಯೂನಿಟ್ಟಿನಲ್ಲೇ ಅಳೆಯೋಣ, ಆಗ ತಾಳೆ ನೋಡುವುದು ಸುಲಭ. ಹೊರಗೆ 33 ಡಿಗ್ರಿ ಇದ್ದರೆ ಗೋಡೆ, ಮಾಡು, ನೆಲದ ಮೂಲಕ ದಿನಕ್ಕೆ ಸುಮಾರು 11 ಯೂನಿಟ್ ಉಷ್ಣ ಒಳಗೆ ಇಳಿಯುತ್ತದೆ. ವಾಶಿ ಮಾರ್ಕೆಟಿನಿಂದ ಬಂದ 300 ಕಿಲೋ ತರಕಾರಿಯನ್ನು 30 ಡಿಗ್ರಿಯಿಂದ 5ಕ್ಕೆ ಇಳಿಸಲು ತೆಗೆಯಬೇಕಾದ ಉಷ್ಣ 8 ಯೂನಿಟ್. ಒಳಗಿನ ಫ್ಯಾನ್, ದೀಪ, ಒಳಗೆ ಹೋಗುವ ಜನ, ತರಕಾರಿ ತಾನೇ ಉಸಿರಾಡಿ ಬಿಡುವ ಬಿಸಿ, ಇವೆಲ್ಲ ಸೇರಿ 4 ಯೂನಿಟ್. ಒಟ್ಟು 23 ಆಯಿತು. 1 ಟನ್ನಿನ ಮೆಷಿನ್ ಗಂಟೆಗೆ 3.5 ಯೂನಿಟ್ ಉಷ್ಣ ಎಳೆದು ಹೊರಗೆ ಹಾಕುತ್ತದೆ. ಅಂದರೆ ಏಳು ಗಂಟೆ ಓಡಿದರೆ ದಿನದ ಕೆಲಸ ಮುಗಿಯಬೇಕಿತ್ತು. ನಮ್ಮದು ಹಗಲಿಡೀ ನಿಲ್ಲುತ್ತಲೇ ಇರಲಿಲ್ಲ.

ಉಳಿದದ್ದು ಬಾಗಿಲು. ಇದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಏಕೆಂದರೆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಬಾಗಿಲು ತೆರೆದ ಕೂಡಲೇ ಭಾರವಾದ ತಣ್ಣನೆಯ ಗಾಳಿ ಕೆಳಗಿನಿಂದ ನೀರಿನಂತೆ ಹರಿದು ಹೊರಗೆ ಹೋಗುತ್ತದೆ, ಅಡುಗೆಮನೆಯ ಬಿಸಿ ಗಾಳಿ ಮೇಲಿನಿಂದ ನುಗ್ಗುತ್ತದೆ. ಬರಿಗಾಲಲ್ಲಿ ಹೊಸ್ತಿಲ ಬಳಿ ನಿಂತರೆ ಪಾದಕ್ಕೆ ತಿಳಿಯುತ್ತದೆ. ನಮ್ಮಷ್ಟು ಕೋಣೆ, ಮನುಷ್ಯನೆತ್ತರದ ಬಾಗಿಲು ಆದರೆ ಮುಕ್ಕಾಲು ನಿಮಿಷದೊಳಗೆ ಒಳಗಿನ ಗಾಳಿ ಹೆಚ್ಚುಕಡಿಮೆ ಪೂರ್ತಿ ಬದಲಾಗಿಬಿಡುತ್ತದೆ.

ಮುಂಬಯಿ, ಚೆನ್ನೈಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಗಾಳಿಯ ಬಿಸಿಗಿಂತ ಗಾಳಿಯ ನೀರೇ ದೊಡ್ಡ ಹೊರೆ. 33 ಡಿಗ್ರಿಯ ನಮ್ಮ ಒದ್ದೆ ಗಾಳಿಯನ್ನು 5 ಡಿಗ್ರಿಗೆ ಇಳಿಸುವಾಗ ಅದರಲ್ಲಿರುವ ಆವಿ ಕಾಯಿಲಿನ ಮೇಲೆ ನೀರಾಗುತ್ತದೆ. ಮೆಷಿನ್ ಪಡುವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆವಿಗೇ ಹೋಗುತ್ತದೆ. ಮೇ ತಿಂಗಳಲ್ಲಿ ದೆಹಲಿಯ 42 ಡಿಗ್ರಿಯ ಒಣ ಗಾಳಿ ತರುವುದಕ್ಕಿಂತ ಮುಂಬಯಿಯ 33 ಡಿಗ್ರಿಯ ಗಾಳಿ ಸುಮಾರು ಶೇಕಡಾ 40 ಹೆಚ್ಚು ಹೊರೆ ತರುತ್ತದೆ. ಕೋಣೆಯ ಗಾಳಿ ಒಮ್ಮೆ ಪೂರ್ತಿ ಬದಲಾದರೆ 0.4 ಯೂನಿಟ್ ಉಷ್ಣ, ಅದರ ಜೊತೆಗೆ ಮೂರನೇ ಒಂದು ಲೀಟರ್ ನೀರು ಒಳಗೆ ಬಂದ ಹಾಗೆ.

ಬಕೆಟ್ಟಿನ ಉಪಾಯ ಹೊಳೆದದ್ದು ಇಲ್ಲಿಂದಲೇ. ಬಾಗಿಲಿನಿಂದ ಬಂದ ನೀರು ಕೊನೆಗೆ ಕಾಯಿಲಿನಿಂದ ಡ್ರೈನ್ ಪೈಪಿಗೆ ಇಳಿಯಲೇಬೇಕು. ಪೈಪಿನ ಕೆಳಗೆ 24 ಗಂಟೆ ಬಕೆಟ್ ಇಟ್ಟು ಅಳೆಯಿರಿ. ನಮಗೆ 18 ಲೀಟರ್ ಸಿಕ್ಕಿತು. ತರಕಾರಿ ತಾನೇ ಬಿಡುವ ನೀರೆಂದು 3 ಲೀಟರ್ ಕಳೆದೆ, ಉಳಿದದ್ದು 15. ನಮ್ಮ ಹವೆಯಲ್ಲಿ ಒಂದೊಂದು ಲೀಟರಿಗೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಉಷ್ಣ ಒಳಗೆ ಬಂದಿರುತ್ತದೆ. ಹಾಗಾಗಿ ಬಾಗಿಲಿನ ಪಾಲು 17 ಯೂನಿಟ್. ಗೋಡೆಯಿಂದ ಬಂದದ್ದಕ್ಕಿಂತಲೂ, ತರಕಾರಿಯೊಂದಿಗೆ ಬಂದದ್ದಕ್ಕಿಂತಲೂ ಹೆಚ್ಚು! ತೊಳೆದ ತರಕಾರಿಯನ್ನು ನೀರು ಸೋರುವ ಹಾಗೇ ಒಳಗಿಡುವವರಿಗೆ ಈ ಲೆಕ್ಕ ತಪ್ಪುತ್ತದೆ. ಒಣ ಹವೆಯ ತಿಂಗಳುಗಳಲ್ಲಿ ಪುಣೆ, ಹೈದರಾಬಾದ್, ದೆಹಲಿಯವರಿಗೂ ಇದು ನಂಬಿಕೆಗೆ ಬಾರದು. ಅಲ್ಲಿ ಗಾಳಿ ಬಿಸಿ ತರುತ್ತದೆ, ನೀರು ತರುವುದಿಲ್ಲ.

ಮಧ್ಯಾಹ್ನ ಮಾತ್ರ ತಾಪಮಾನ ಏರಿದ್ದು ಏಕೆ? ಒಂದು ದಿನ ಗಲ್ಲೆ ಬಿಟ್ಟು ಕೋಣೆಯ ಎದುರು ಕುಳಿತು ಎಣಿಸಿದೆ. 12ರಿಂದ 2ರವರೆಗೆ 35 ಸಲ ಬಾಗಿಲು ತೆರೆಯಿತು, ಒಂದೊಂದು ಸಲ ಸುಮಾರು ಅರ್ಧ ನಿಮಿಷ. ಆ ಎರಡು ಗಂಟೆಯಲ್ಲಿ ಬಾಗಿಲಿನಿಂದಲೇ 9 ಯೂನಿಟ್ ಉಷ್ಣ ಒಳಗೆ ಬಂತು. ಮೆಷಿನ್ ಆ ಅವಧಿಯಲ್ಲಿ ಎಳೆಯಬಲ್ಲದ್ದು 7 ಮಾತ್ರ. ಇಡೀ ದಿನದ್ದು 40 ಯೂನಿಟ್, ಅದಕ್ಕೆ ಹನ್ನೆರಡು ಗಂಟೆಯ ಓಟ ಸಾಕು. ಅಂದರೆ ಮೆಷಿನ್ ಸಣ್ಣದಲ್ಲ, ಆ ಎರಡು ಗಂಟೆಯ ನಮ್ಮ ಕೆಲಸದ ಕ್ರಮ ಸರಿಯಿಲ್ಲ. ಅಡುಗೆಮನೆಯ ಹುಡುಗನನ್ನು ಗದರಿದಾಗ ಅವನು ಹೇಳಿದ್ದು ಸರಿಯಾಗಿಯೇ ಇತ್ತು: "ಅಣ್ಣ, ಎರಡು ಕೈಯಲ್ಲೂ ಕ್ರೇಟ್ ಇರುವಾಗ ಬಾಗಿಲು ಹಾಕುವುದು ಹೇಗೆ?"

ದೊಡ್ಡ ಮೆಷಿನ್ ಹಾಕಿದ್ದರೆ ಇನ್ನೊಂದು ತೊಂದರೆಯೂ ಇತ್ತು. ಒಳಗಿನ ಕಾಯಿಲ್ ಹಳೆಯದೇ ಉಳಿದು ಕಂಪ್ರೆಸರ್ ಮಾತ್ರ ದೊಡ್ಡದಾದರೆ ಕಾಯಿಲ್ ಅತಿಯಾಗಿ ತಣ್ಣಗಾಗುತ್ತದೆ. ಅದರ ಮೇಲೆ ಬೇಗ ಮಂಜು ಕಟ್ಟುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ, ತರಕಾರಿಯ ತೇವವೂ ಎಳೆದುಹೋಗಿ ಸೊಪ್ಪು ಬಾಡುತ್ತದೆ.

ನಾವು ಮಾಡಿದ್ದು ಮೂರು ಕೆಲಸ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಮತ್ತು ತಾನೇ ಮುಚ್ಚಿಕೊಳ್ಳುವ ಕ್ಲೋಸರ್ ಹಾಕಿಸಿದೆವು. ಬೆಳಿಗ್ಗೆ 10ಕ್ಕೆ ಮತ್ತು ಸಂಜೆ 5ಕ್ಕೆ ಭಟ್ಟರು ಬರೆದುಕೊಟ್ಟ ಪಟ್ಟಿಯಂತೆ ತರಕಾರಿ ಒಟ್ಟಿಗೇ ಟ್ರಾಲಿಯಲ್ಲಿ ಹೊರಗೆ ಬರುತ್ತದೆ. ಪದೇ ಪದೇ ಬೇಕಾಗುವ ಕೊತ್ತಂಬರಿ, ಕರಿಬೇವು, ಹಸಿಮೆಣಸು ಒಲೆಯ ಬಳಿಯ ಸಣ್ಣ ಫ್ರಿಜ್ಜಿನಲ್ಲಿ ಇರುತ್ತವೆ.

ಈಗ ಬಕೆಟ್ಟಿಗೆ 8 ಲೀಟರ್ ನೀರು ಬರುತ್ತದೆ. ಬೇರೆಯಾಗಿ ಹಾಕಿಸಿದ ಮೀಟರಿನಲ್ಲಿ ಕೋಲ್ಡ್ ರೂಮಿನ ಕರೆಂಟ್ ದಿನಕ್ಕೆ 24ರಿಂದ 18 ಯೂನಿಟ್ಟಿಗೆ ಇಳಿಯಿತು. ಲೆಕ್ಕಕ್ಕೂ ಇದು ಹೊಂದುತ್ತದೆ: ಬಿಸಿ ಅಡುಗೆಮನೆಯ ಪಕ್ಕದ ಇಂಥ ಮೆಷಿನ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಎರಡು ಯೂನಿಟ್ ಉಷ್ಣ ಎಳೆಯುತ್ತದೆ, ಬಾಗಿಲಿನ ಉಷ್ಣ 11 ಯೂನಿಟ್ಟಿನಷ್ಟು ಕಡಿಮೆಯಾಗಿದೆ. ಯೂನಿಟ್ಟಿಗೆ 12 ರೂಪಾಯಿ ಹಿಡಿದರೂ ತಿಂಗಳಿಗೆ 2,100 ರೂಪಾಯಿಯ ಮೇಲೆ ಉಳಿತಾಯ. ಊಟದ ಹೊತ್ತಿನಲ್ಲೂ ಕೋಣೆ 7 ಡಿಗ್ರಿ ದಾಟುವುದಿಲ್ಲ.

ಒಂದು ಎಚ್ಚರಿಕೆ. ಪರದೆಯ ಪಟ್ಟಿ ತಲೆಗೆ ತಾಗುತ್ತದೆಂದು ಹುಡುಗರು ಅದನ್ನು ಗಂಟು ಹಾಕಿ ಮೇಲಕ್ಕೆ ಕಟ್ಟುತ್ತಾರೆ. ಜಿಡ್ಡು ಹಿಡಿದು ಮಸುಕಾದರೆ ಆಚೆ ಕಾಣದೆ ಇನ್ನೂ ಬೇಗ ಕಟ್ಟುತ್ತಾರೆ. ವಾರಕ್ಕೊಮ್ಮೆ ಅದನ್ನು ತೊಳೆಸಿ. ಬಾಗಿಲಿನ ಗ್ಯಾಸ್ಕೆಟ್ಟಿನ ನಡುವೆ ಒಂದು ಹಾಳೆ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ಗೋಡೆಯ ಪ್ಯಾನೆಲ್ ನೀರು ಕುಡಿದಿದ್ದರೆ, ಗ್ಯಾಸ್ ಕಡಿಮೆಯಾಗಿದ್ದರೆ ಬಕೆಟ್ಟಿನಿಂದ ಅದು ತಿಳಿಯದು, ಅದಕ್ಕೆ ಮೆಕ್ಯಾನಿಕ್ಕೇ ಬೇಕು. ಆದರೆ ದೊಡ್ಡ ಮೆಷಿನ್ನಿನ ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಒಂದು ದಿನ ಬಕೆಟ್ ಇಡಿ, ಎರಡು ಗಂಟೆ ಬಾಗಿಲಿನ ಎದುರು ಕುಳಿತು ಎಣಿಸಿ. ಆಮೇಲೆ ನೀವೇ ತೀರ್ಮಾನಿಸಿ.